ಲೂಪ್ ಇದೆ, ಟ್ಯೂನ್ ಕೂರುತ್ತಿಲ್ಲ: ಬಲವಾದ ಬೀಟ್‌ಗೆ ಸರಿಯಾದ ಸ್ವರ ಬೀಳುವಂತೆ ಟಾಪ್‌ಲೈನ್ ಕಟ್ಟುವ ಕ್ರಮ

ನಾಲ್ಕು ಬಾರ್‌ನ ಕಾರ್ಡ್ ಲೂಪ್ ಸಿದ್ಧವಾಗಿರುತ್ತದೆ. ಅದರ ಮೇಲೆ ಒಂದು ಟ್ಯೂನ್ ಗುನುಗುತ್ತೀರಿ. ಲೂಪ್ ನಿಲ್ಲಿಸಿ ಬರಿ ಬಾಯಲ್ಲಿ ಹಾಡಿದರೆ ಟ್ಯೂನ್ ಚೆನ್ನಾಗಿಯೇ ಇದೆ, ಲೂಪ್ ಜೊತೆ ಹಾಡಿದರೆ ಮಾತ್ರ ಯಾಕೋ ತೇಲಾಡುತ್ತದೆ. ಶ್ರುತಿ ತಪ್ಪಿಲ್ಲ, ಸ್ಕೇಲ್ ಬಿಟ್ಟು ಹೊರಗೂ ಹೋಗಿಲ್ಲ. ಇಂಥ ಕಡೆ ತಪ್ಪು ಸಾಮಾನ್ಯವಾಗಿ ಸ್ವರದ ಆಯ್ಕೆಯಲ್ಲಿರುವುದಿಲ್ಲ, ಆ ಸ್ವರ ಬಿದ್ದ ಜಾಗದಲ್ಲಿರುತ್ತದೆ. ಒಂದೇ F ಸ್ವರ C ಕಾರ್ಡ್‌ನ ಮೇಲೆ ಎರಡೂವರೆಯ ಎಣಿಕೆಗೆ ಬಂದು ಹೋದರೆ ಕಿವಿಗೆ ಹಿತ. ಅದೇ F ಒಂದನೆಯ ಎಣಿಕೆಗೆ ಬಂದು ಕೂತರೆ ಹಲ್ಲಿಗೆ ಕಲ್ಲು ಸಿಕ್ಕಂತೆ.

ಇಲ್ಲಿ ಒಂದೇ ಲೂಪ್ ಹಿಡಿದು, ಅದರ ಮೇಲೆ ಒಂದು ಟಾಪ್‌ಲೈನ್, ಅಂದರೆ ಹಾಡುವ ಟ್ಯೂನ್, ಅದನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟೋಣ. ಲೂಪ್ ಇದು: Am, F, C, G. ಒಂದೊಂದು ಕಾರ್ಡ್‌ಗೆ ಒಂದೊಂದು ಬಾರ್, 4/4, ವೇಗ 90 BPM. ಪಾಪ್ ಸಂಗೀತದಲ್ಲಿ ಸವೆದು ನುಣ್ಣಗಾದ ಲೂಪ್ ಇದು. ಹಾಗಾಗಿಯೇ ಕಲಿಯಲು ಒಳ್ಳೆಯದು: ಲೂಪ್‌ನಲ್ಲಿ ಹೊಸದೇನೂ ಇಲ್ಲದಿರುವಾಗ ಟ್ಯೂನ್ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಬಲವಾದ ಬೀಟ್ ಯಾವುದು?

ನಾಲ್ಕು ಎಣಿಕೆಯ ಬಾರ್‌ನಲ್ಲಿ ಒಂದನೆಯದು ಎಲ್ಲಕ್ಕಿಂತ ಬಲವಾದದ್ದು, ತಾಳದ ಸಮ ಇದ್ದ ಹಾಗೆ. ಅದರ ನಂತರದ ಸ್ಥಾನ ಮೂರನೆಯದಕ್ಕೆ. ಎರಡು ಮತ್ತು ನಾಲ್ಕು ಮೆದು. ಎಣಿಕೆಗಳ ನಡುವೆ ಬರುವ ಅರ್ಧಗಳು ಇನ್ನೂ ಮೆದು. ಈ ಅರ್ಧವನ್ನು ಮುಂದೆ & ಗುರುತಿನಿಂದ ಬರೆಯುತ್ತೇವೆ. ಒಂದು ಬಾರ್‌ನಲ್ಲಿ ಹೀಗೆ ಎಂಟು ಮನೆಗಳು.

ಇಲ್ಲಿ ಅನೇಕರು ಎಡವುವುದು ಸ್ನೇರ್‌ನಿಂದ. ಪಾಪ್ ಡ್ರಮ್ಸ್‌ನಲ್ಲಿ ಸ್ನೇರ್ ಎರಡು ಮತ್ತು ನಾಲ್ಕಕ್ಕೆ ಬೀಳುತ್ತದೆ, ಅದೇ ಜೋರಾಗಿ ಕೇಳುತ್ತದೆ. ಜೋರಾದದ್ದೇ ಬಲವಾದ ಬೀಟ್ ಎಂದುಕೊಂಡು ಮುಖ್ಯ ಸ್ವರಗಳನ್ನೆಲ್ಲ ಅಲ್ಲಿಟ್ಟರೆ ಟ್ಯೂನ್ ಪೂರ್ತಿ ಒಂದು ಎಣಿಕೆ ತಡವಾಗಿ ಬಂದಂತಾಗುತ್ತದೆ. ಬಲವನ್ನು ತೀರ್ಮಾನಿಸುವುದು ಬೇಸ್ ಮತ್ತು ಕಾರ್ಡ್ ಬದಲಾಗುವ ಜಾಗ, ಸದ್ದಿನ ಪ್ರಮಾಣವಲ್ಲ.

ಅದಕ್ಕೇ ಮೊದಲ ಕೆಲಸ ಇದು. ಡ್ರಮ್ಸ್ ಮ್ಯೂಟ್ ಮಾಡಿ, ಬೇಸ್ ಮತ್ತು ಕಾರ್ಡ್ ಮಾತ್ರ ಕೇಳಿ, ಕಾರ್ಡ್ ಯಾವ ಮನೆಯಲ್ಲಿ ಬದಲಾಗುತ್ತದೆ ಎಂದು ಗುರುತಿಸಿ. ಎಷ್ಟೋ ಲೂಪ್‌ಗಳಲ್ಲಿ ಹೊಸ ಕಾರ್ಡ್ ಒಂದನೆಯ ಎಣಿಕೆಗೆ ಕಾಯುವುದಿಲ್ಲ, ಹಿಂದಿನ ಬಾರ್‌ನ ನಾಲ್ಕೂವರೆಗೇ ನುಗ್ಗಿಬಿಡುತ್ತದೆ. ಹಾಗಿದ್ದರೆ ಆ ಕಾರ್ಡ್‌ನ ಮಟ್ಟಿಗೆ ಬಲದ ಜಾಗ ಆ ನಾಲ್ಕೂವರೆಯೇ. ಅಲ್ಲಿಂದ ಮುಂದಿನ ಒಂದನೆಯ ಎಣಿಕೆಯವರೆಗೆ ಹಳೆಯ ಕಾರ್ಡ್‌ನ ಸ್ವರ ಎಳೆದು ಹಿಡಿದರೆ ಒರಟಾಗಿ ಕೇಳುತ್ತದೆ. ನಮ್ಮ ಉದಾಹರಣೆಯಲ್ಲಿ ಕಾರ್ಡ್‌ಗಳು ಸರಿಯಾಗಿ ಒಂದಕ್ಕೇ ಬದಲಾಗುತ್ತವೆ ಎಂದಿಟ್ಟುಕೊಳ್ಳೋಣ.

ಪ್ರತಿ ಕಾರ್ಡ್‌ನೊಳಗೆ ಏನಿದೆ ಎಂದು ಬರೆದುಕೊಳ್ಳಿ

Am ಎಂದರೆ A, C, E. F ಎಂದರೆ F, A, C. C ಎಂದರೆ C, E, G. G ಎಂದರೆ G, B, D. C ಅನ್ನು ಷಡ್ಜವಾಗಿ ಹಿಡಿದು ಶಂಕರಾಭರಣದ ಸ್ವರಗಳಲ್ಲಿ ಯೋಚಿಸುವವರಿಗೆ ಇವೇ ದ-ಸ-ಗ, ಮ-ದ-ಸ, ಸ-ಗ-ಪ, ಪ-ನಿ-ರಿ. ಲೂಪ್ ಯಾರೋ ಮಾಡಿದ ಆಡಿಯೊ ಫೈಲ್ ಆಗಿದ್ದು ಕಾರ್ಡ್ ಹೆಸರು ಗೊತ್ತಿಲ್ಲದಿದ್ದರೆ ಬೇಸ್‌ನ ಸ್ವರವನ್ನು ಬಾಯಲ್ಲಿ ಹಿಡಿದು ಕೀಬೋರ್ಡ್‌ನಲ್ಲಿ ಹುಡುಕಿ. ಅದರ ಮೇಲೆ ಮೇಜರ್, ಮೈನರ್ ಎರಡನ್ನೂ ಬಾರಿಸಿ ನೋಡಿದರೆ ಹೆಚ್ಚಿನ ಸಲ ಅಷ್ಟಕ್ಕೇ ಗೊತ್ತಾಗುತ್ತದೆ.

ಕಾರ್ಡ್‌ನ ಮೂರು ಸ್ವರಗಳೂ ಬಲವಾದ ಬೀಟ್‌ಗೆ ಸಲ್ಲುತ್ತವೆ, ಆದರೆ ಮೂರರ ಸ್ವಭಾವ ಬೇರೆ ಬೇರೆ. ಮೂಲ ಸ್ವರ, ಅಂದರೆ Am ಮೇಲೆ A, ತುಂಬ ಗಟ್ಟಿ. ಬೇಸ್ ಕೂಡ ಅದನ್ನೇ ನುಡಿಸುತ್ತಿರುವುದರಿಂದ ಹೊಸ ಬಣ್ಣ ಬರುವುದಿಲ್ಲ, ಮಾತು ಮುಗಿದಂತೆ ಕೇಳುತ್ತದೆ. ಮೂಲ ಸ್ವರದಿಂದ ಸ್ಕೇಲ್‌ನಲ್ಲಿ ಎಣಿಸಿದರೆ ಐದನೆಯದು, ಅಂದರೆ Am ಮೇಲೆ E, ನಿಲ್ಲುತ್ತದೆ, ಆದರೆ ಸ್ವಲ್ಪ ಖಾಲಿ. ಭಾವ ಇರುವುದು ಹಾಗೆಯೇ ಎಣಿಸಿದ ಮೂರನೆಯದರಲ್ಲಿ, ಅಂದರೆ Am ಮೇಲೆ C ಯಲ್ಲಿ: ಕಾರ್ಡ್ ಮೇಜರೋ ಮೈನರೋ ಎಂದು ಹೇಳುವ ಸ್ವರವೇ ಅದು. ಬಾರ್‌ನ ಒಂದನೆಯ ಎಣಿಕೆಗೆ ಏನಿಡಬೇಕೆಂದು ತೋಚದಿದ್ದರೆ ಮೂರನೆಯದರಿಂದ ಶುರುಮಾಡಿ.

ಇನ್ನು ಎಚ್ಚರಿಕೆಯ ಸ್ವರಗಳು. ಬಿಳಿ ಕೀಗಳಲ್ಲಿ ಅರ್ಧ ಹೆಜ್ಜೆಯ ಅಂತರ ಇರುವುದು ಎರಡೇ ಕಡೆ: E–F ನಡುವೆ ಮತ್ತು B–C ನಡುವೆ. ಕಾರ್ಡ್‌ನ ಯಾವುದಾದರೂ ಸ್ವರಕ್ಕಿಂತ ಅರ್ಧ ಹೆಜ್ಜೆ ಮೇಲಿರುವ ಸ್ವರವೇ ಬಲವಾದ ಬೀಟ್‌ನಲ್ಲಿ ಒರಟಾಗಿ ಕೇಳುವುದು. ಹಾಗಾದರೆ E ಇರುವ Am ಮತ್ತು C ಕಾರ್ಡ್‌ಗಳ ಮೇಲೆ F ಅಪಾಯ, B ಇರುವ G ಕಾರ್ಡ್‌ನ ಮೇಲೆ C ಅಪಾಯ. F ಕಾರ್ಡ್‌ನಲ್ಲಿ E ಇಲ್ಲ, B ಇಲ್ಲ, ಆದ್ದರಿಂದ ಅಲ್ಲಿ ಇಂಥ ಅಪಾಯವೇ ಇಲ್ಲ. ಇಡೀ ಲೂಪ್‌ನಲ್ಲಿ ನೆನಪಿಡಬೇಕಾದದ್ದು ಇಷ್ಟೇ. ಈ ಸ್ವರಗಳನ್ನು ಬಿಡಬೇಕಾಗಿಲ್ಲ, ಒಂದು ಮತ್ತು ಮೂರರ ಮೇಲೆ ಕೂರಿಸಬಾರದು ಅಷ್ಟೆ.

ಮೊದಲು ಗೂಟ, ಆಮೇಲೆ ಹಗ್ಗ

ಈಗ ಪ್ರತಿ ಬಾರ್‌ನ ಒಂದನೆಯ ಎಣಿಕೆಗೆ ಒಂದೇ ಒಂದು ಸ್ವರ ಇಡಿ. ಇವು ಗೂಟಗಳು. ನಾಲ್ಕು ಗೂಟಗಳೂ ಒಂದಕ್ಕೊಂದು ಹತ್ತಿರದಲ್ಲಿರಲಿ, ಪ್ರತಿ ಸಲ ಐದಾರು ಸ್ವರ ಹಾರುವ ಗೂಟಗಳನ್ನು ಹಾಡುಗಾರರು ಸಹಿಸುವುದಿಲ್ಲ. ನಾವು ಆರಿಸುವುದು ಇವನ್ನು: Am ಮೇಲೆ C5, F ಮೇಲೆ A4, C ಮೇಲೆ G4, G ಮೇಲೆ B4. ಮೂರು ಕಾರ್ಡ್‌ಗಳಿಗೆ ಮೂರನೆಯ ಸ್ವರ, C ಕಾರ್ಡ್‌ಗೆ ಮಾತ್ರ ಐದನೆಯದು. ಅಲ್ಲೂ ಮೂರನೆಯದಾದ E ಇಡಬಹುದಿತ್ತು, ಆದರೆ ಆಗ A ಯಿಂದ E ಗೆ ಇಳಿದು ಅಲ್ಲಿಂದ B ಗೆ ಏರಬೇಕು. G ಇಟ್ಟರೆ ದಾರಿ ಸಲೀಸು.

ಕೊನೆಯ ಗೂಟ B ಆಗಿರುವುದಕ್ಕೆ ಇನ್ನೊಂದು ಕಾರಣವಿದೆ. ಲೂಪ್ ತಿರುಗಿ Am ಗೆ ಬಂದಾಗ ಮೊದಲ ಗೂಟ C. B ಯಿಂದ C ಗೆ ಅರ್ಧ ಹೆಜ್ಜೆ, ಹಾಗಾಗಿ ಕೊನೆಯ ಬಾರ್ ತಾನಾಗಿಯೇ ಮೊದಲ ಬಾರ್‌ನತ್ತ ಎಳೆಯುತ್ತದೆ. ಲೂಪ್ ಮೇಲೆ ಬರೆಯುವಾಗ ನಾಲ್ಕನೆಯ ಬಾರ್ ಹೇಗೆ ಮುಗಿಯುತ್ತದೆ ಎನ್ನುವುದರಷ್ಟೇ ಅದು ಒಂದನೆಯದಕ್ಕೆ ಹೇಗೆ ಕೊಂಡಿ ಹಾಕುತ್ತದೆ ಎನ್ನುವುದೂ ಮುಖ್ಯ.

ಸ್ವರದ ಅಂಕಿಯ ಬಗ್ಗೆ ಒಂದು ಮಾತು. ಇಲ್ಲಿ ಕೀಬೋರ್ಡ್‌ನ ಮಧ್ಯದ C ಗೆ C4 ಎನ್ನುತ್ತಿದ್ದೇವೆ. ಏಬಲ್ಟನ್ ಲೈವ್ ಅದನ್ನು C3 ಎಂದೂ ಎಫ್‌ಎಲ್ ಸ್ಟುಡಿಯೊ C5 ಎಂದೂ ತೋರಿಸುತ್ತದೆ. ಅಂಕಿ ನೋಡಿ ಗಾಬರಿಯಾಗಬೇಡಿ, ಕಿವಿಗೆ ಹೊಂದಿಸಿಕೊಳ್ಳಿ. ನಮ್ಮ ಟ್ಯೂನ್ E4 ನಿಂದ D5 ವರೆಗೆ ಹರಡುತ್ತದೆ, ಹೆಣ್ಣು ದನಿಗೆ ಆರಾಮ. ಗಂಡು ದನಿಗಾದರೆ ಇಡೀ ಟ್ಯೂನನ್ನು ಒಂದು ಸ್ಥಾಯಿ ಕೆಳಗಿಳಿಸಿ.

ನಾಲ್ಕು ಗೂಟಗಳನ್ನು ಬಾರ್ ಪೂರ್ತಿ ಹಿಡಿದು ಲೂಪ್ ಜೊತೆ ಎರಡು ಸುತ್ತು ಹಾಡಿ. ಬೋರಾಗಿರುತ್ತದೆ, ಇರಲಿ. ಆದರೆ ಎಲ್ಲೂ ಚುಚ್ಚಬಾರದು. ಈ ಹಂತದಲ್ಲೇ ಚುಚ್ಚಿದರೆ ಮುಂದೆ ಎಷ್ಟು ಅಲಂಕಾರ ಮಾಡಿದರೂ ಆ ಚುಚ್ಚು ಹೋಗುವುದಿಲ್ಲ.

ಆಮೇಲೆ ಮೂರನೆಯ ಎಣಿಕೆಗೆ ಎರಡನೆಯ ಗೂಟ. Am ನಲ್ಲಿ C ಯ ನಂತರ A. F ನಲ್ಲಿ A ಯ ನಂತರ C. C ಯಲ್ಲಿ G ಯ ನಂತರ E. G ಯಲ್ಲಿ B ಯ ನಂತರ D. ಮೊದಲ ಬಾರ್ A ಯಲ್ಲಿ ನಿಂತು ಎರಡನೆಯ ಬಾರ್ ಅದೇ A ಯಲ್ಲಿ ಶುರುವಾಗುವುದನ್ನು ಗಮನಿಸಿ. ಗಂಟಲು ಕದಲುವುದಿಲ್ಲ, ಆದರೆ ಕೆಳಗೆ ಕಾರ್ಡ್ ಬದಲಾದಾಗ ಆ A ಯ ಬಣ್ಣವೇ ಬೇರೆಯಾಗುತ್ತದೆ: Am ಮೇಲೆ ಅದು ಮೂಲ ಸ್ವರ, F ಮೇಲೆ ಮೂರನೆಯದು. ಲೂಪ್ ಮೇಲೆ ಬರೆಯುವಾಗ ಪುಕ್ಕಟೆ ಸಿಗುವ ಲಾಭ ಇದು, ಕಾರ್ಡ್ ಬದಲಾದ ಕೂಡಲೇ ಟ್ಯೂನೂ ಓಡಲೇಬೇಕೆಂಬ ನಿಯಮ ಇಲ್ಲ. ಅತಿ ಎತ್ತರದ D ಇರುವುದು ಒಂದೇ ಕಡೆ, ನಾಲ್ಕನೆಯ ಬಾರ್‌ನಲ್ಲಿ. ಎತ್ತರದ ಸ್ವರ ಮೂರು ಬಾರ್‌ಗಳಲ್ಲೂ ಬಂದಿದ್ದರೆ ಯಾವುದೂ ಎತ್ತರ ಅನಿಸುತ್ತಿರಲಿಲ್ಲ.

ನಡುವಿನ ಸ್ವರ ತುಂಬುವುದು

ಗೂಟದಿಂದ ಗೂಟಕ್ಕೆ ಹಗ್ಗ ಕಟ್ಟುವ ಕೆಲಸ ಈಗ. C ಯಿಂದ A ಗೆ ಹೋಗುವಾಗ ನಡುವೆ B ಸಿಗುತ್ತದೆ. ಅದು Am ಕಾರ್ಡ್‌ನಲ್ಲಿಲ್ಲ, ಆದರೆ ಎರಡೂವರೆಯ ಮನೆಯಲ್ಲಿ ಬಂದು ಹೋದರೆ ಯಾರೂ ತಡೆದು ಕೇಳುವುದಿಲ್ಲ. ಇಂಥ ಹಾದುಹೋಗುವ ಸ್ವರಗಳನ್ನು & ಮನೆಗಳಲ್ಲಿಡಿ, ಮತ್ತು ಅವುಗಳ ಮುಂದಿನ ಸ್ವರ ಒಂದೇ ಹೆಜ್ಜೆ ದೂರದ ಕಾರ್ಡ್ ಸ್ವರವಾಗಿರಲಿ. ಹಾಗೆ ತುಂಬಿದರೆ ನಾಲ್ಕು ಬಾರ್ ಹೀಗಾಗುತ್ತದೆ:

```
      1  &  2  &  3  &  4  &
Am    C  -  C  B  A  -  -  -
F     A  -  A  B  C  -  -  -
C     G  -  G  F  E  -  -  -
G     B  -  B  C  D  -  -  -
```

ಗೆರೆ ಎಂದರೆ ಹಿಂದಿನ ಸ್ವರವೇ ಮುಂದುವರಿಯುತ್ತದೆ ಎಂದರ್ಥ. ಅಪಾಯದ ಪಟ್ಟಿಯಲ್ಲಿದ್ದ ಎರಡು ಸ್ವರಗಳೂ ಇಲ್ಲಿವೆ: C ಕಾರ್ಡ್ ಮೇಲೆ F, G ಕಾರ್ಡ್ ಮೇಲೆ C. ಎರಡೂ ಎರಡೂವರೆಯ ಮನೆಯಲ್ಲಿ ಅರ್ಧ ಎಣಿಕೆ ಇದ್ದು ಮುಂದಿನ ಗೂಟಕ್ಕೆ ಇಳಿಯುತ್ತವೆ ಅಥವಾ ಏರುತ್ತವೆ, ಅದಕ್ಕೇ ಚುಚ್ಚುವುದಿಲ್ಲ. ಪರೀಕ್ಷೆ ಮಾಡಬೇಕೆಂದರೆ ಮೂರನೆಯ ಬಾರ್‌ನಲ್ಲಿ G ಮತ್ತು F ಜಾಗ ಬದಲಿಸಿ, F ಅನ್ನು ಒಂದಕ್ಕೂ G ಯನ್ನು ಎರಡೂವರೆಗೂ ಇಟ್ಟು ಕೇಳಿ. ಬಳಸಿದ ಸ್ವರಗಳು ಅವೇ, ಟ್ಯೂನ್ ಮಾತ್ರ ಕುಸಿಯುತ್ತದೆ.

ವೇಗದ ಲೆಕ್ಕವೂ ಇಲ್ಲಿ ಬರುತ್ತದೆ. 90 BPM ನಲ್ಲಿ ಒಂದು ಎಣಿಕೆ ಸುಮಾರು 0.67 ಸೆಕೆಂಡ್, ಅರ್ಧ ಎಣಿಕೆ 0.33 ಸೆಕೆಂಡ್. ಅಷ್ಟರಲ್ಲಿ ಹಾದುಹೋಗುವ ಸ್ವರ ಹಾದುಹೋಗಿಯೇ ಬಿಡುತ್ತದೆ. ಅದೇ ಟ್ಯೂನನ್ನು 60 BPM ಗೆ ಇಳಿಸಿದರೆ ಅರ್ಧ ಎಣಿಕೆ ಅರ್ಧ ಸೆಕೆಂಡ್ ಆಗುತ್ತದೆ, ಕಿವಿಗೆ F ನ ಮೇಲೆ ನಿಲ್ಲಲು ಪುರುಸೊತ್ತು ಸಿಗುತ್ತದೆ. ನಿಧಾನದ ಲೂಪ್‌ಗಳಲ್ಲಿ ಹಾದುಹೋಗುವ ಸ್ವರವನ್ನು ಕಾಲು ಎಣಿಕೆಗೆ ಮೊಟಕು ಮಾಡಿ.

ಈ ನಾಲ್ಕು ಬಾರ್‌ಗಳಲ್ಲಿ ಒಂದು ದೋಷ ಉಳಿದಿದೆ, ಅದು ಲಯದ್ದು. ನಾಲ್ಕೂ ಕಡೆ ಒಂದೇ ನಡೆ. ಮೊದಲ ಮೂರು ಬಾರ್ ಹಾಗೇ ಇರಲಿ, ಕಿವಿಗೆ ಹಿಡಿಯಲು ಏನಾದರೂ ಬೇಕಲ್ಲ. ನಾಲ್ಕನೆಯದರಲ್ಲಿ D ಯನ್ನು ಬಾರ್ ಕೊನೆಯವರೆಗೆ ಎಳೆಯುವ ಬದಲು ಮೂರಕ್ಕೆ D, ನಾಲ್ಕಕ್ಕೆ C, ನಾಲ್ಕೂವರೆಗೆ B ಮಾಡಿ. ಮುಂದಿನ ಸುತ್ತಿನ ಮೊದಲ C ಗೆ ಅದು ಜಾರಿ ಸೇರುತ್ತದೆ. ಎರಡನೆಯ ಸುತ್ತಿನ ಕೊನೆಯಲ್ಲಿ ಸಾಲು ಮುಗಿದಂತೆ ಅನಿಸಬೇಕಾದರೆ ಎಂಟನೆಯ ಬಾರ್‌ನಲ್ಲಿ B, B, A ಹಾಡಿ ಮೂರಕ್ಕೆ G ಯಲ್ಲಿ ನಿಲ್ಲಿಸಿ. ಅದು G ಕಾರ್ಡ್‌ನ ಮೂಲ ಸ್ವರ, ಪ್ರಶ್ನೆಗೆ ಉತ್ತರ ಬಂದಂತಾಗುತ್ತದೆ.

ಮಾತು ಕೂರಿಸುವಾಗ

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಅನುಕೂಲವಿದೆ, ಒಂದು ತೊಡಕೂ ಇದೆ. ಅನುಕೂಲ ಏನೆಂದರೆ ನಮ್ಮ ಛಂದಸ್ಸು ಮೊದಲೇ ಮಾತ್ರೆಯಲ್ಲಿ ಎಣಿಸುತ್ತದೆ. ಒಂದು ಮಾತ್ರೆಗೆ ಅರ್ಧ ಎಣಿಕೆ ಎಂದಿಟ್ಟುಕೊಂಡರೆ ಎಂಟು ಮನೆಯ ಬಾರ್‌ನಲ್ಲಿ ನಾಲ್ಕು ಮಾತ್ರೆಯ ಎರಡು ಗಣ ಸರಿಯಾಗಿ ಕೂರುತ್ತವೆ. ಮೊದಲ ಗಣ ಒಂದನೆಯ ಎಣಿಕೆಗೆ ಶುರು, ಎರಡನೆಯದು ಮೂರಕ್ಕೆ. ಬಲವಾದ ಬೀಟ್ ಮತ್ತು ಗಣದ ಮೊದಲ ಅಕ್ಷರ ಒಂದೇ ಕಡೆ ಬೀಳುತ್ತವೆ. ಕನ್ನಡದ ಮಾತಿನಲ್ಲಿ ಒತ್ತು ಸಾಮಾನ್ಯವಾಗಿ ಪದದ ಮೊದಲ ಅಕ್ಷರದ ಮೇಲೇ ಇರುವುದರಿಂದ ಪದ ಅಲ್ಲಿಂದ ಶುರುವಾದರೆ ಅರ್ಥ ನೇರವಾಗಿ ಮುಟ್ಟುತ್ತದೆ. ಮೂರು ಅಥವಾ ಐದು ಮಾತ್ರೆಯ ಗಣದಲ್ಲಿ ಬರೆದ ಸಾಲನ್ನು ಇದೇ ಲೂಪ್‌ಗೆ ತಂದರೆ ಎರಡನೆಯ ಗಣಕ್ಕೇ ಹೊಂದಾಣಿಕೆ ತಪ್ಪುತ್ತದೆ. ಆಗ ಸಾಲು ತಿದ್ದಬೇಕು, ಇಲ್ಲವೇ ಗಣದ ಕೊನೆಯಲ್ಲಿ ಎಳೆದು ಎಂಟು ತುಂಬಿಸಬೇಕು.

ನಮ್ಮ ಟ್ಯೂನ್‌ನ ಪ್ರತಿ ಬಾರ್‌ನ ಅಳತೆ ಎರಡು, ಒಂದು, ಒಂದು, ಆಮೇಲೆ ನಾಲ್ಕು ಮನೆ. ಅಂದರೆ ಗುರು, ಲಘು, ಲಘು, ಮತ್ತೆ ಎಳೆಯಬಹುದಾದ ಒಂದು ಗುರು. ಅದಕ್ಕೆ ಈ ಸಾಲು ಹಾಕಿ ನೋಡಿ:

ಕಾಯುವೆ ನಾ
ದಾರಿಯಲೇ
ಹೋದೆಯ ನೀ
ಸಂಜೆಯಲೇ

‘ಕಾ’ ಒಂದನೆಯ ಎಣಿಕೆಗೆ, ‘ನಾ’ ಮೂರಕ್ಕೆ. ಮೂರನೆಯ ಬಾರ್‌ನಲ್ಲಿ ‘ಹೋ’ ಒಂದಕ್ಕೆ, ‘ನೀ’ ಮೂರಕ್ಕೆ. ಎಳೆದು ಹಿಡಿಯುವ ಜಾಗದಲ್ಲಿ ‘ನಾ’ ಮತ್ತು ‘ನೀ’ ಎದುರುಬದುರಾಗಿ ನಿಂತಿವೆ. ನಾಲ್ಕನೆಯ ಬಾರ್‌ನ ಸ್ವರ ಏರುವುದರಿಂದ ಸಾಲು ಪ್ರಶ್ನೆಯಂತೆ ಕೇಳುತ್ತದೆ, ಮಾತೂ ಪ್ರಶ್ನೆಯೇ.

ತೊಡಕು ಇರುವುದು ಹ್ರಸ್ವ ದೀರ್ಘದಲ್ಲಿ. ಅದೇ ಅರ್ಥದ ‘ನಾ ಕಾಯುವೆ’ ಎಂಬ ಮಾತನ್ನು ಇದೇ ಅಳತೆಗೆ ಹಾಕಿ ಹಾಡಿ. ‘ನಾ’ ಎರಡು ಮನೆ ಪಡೆಯುತ್ತದೆ, ‘ಕಾ’ ಗೆ ಒಂದೇ ಮನೆ ಸಿಕ್ಕು ಅದು ‘ಕ’ ಆಗುತ್ತದೆ, ‘ವೆ’ ನಾಲ್ಕು ಮನೆ ಎಳೆದು ‘ವೇ’ ಆಗುತ್ತದೆ. ಕೇಳುವವರಿಗೆ ‘ನಾ ಕಯುವೇ’ ಎಂದು ಕೇಳುತ್ತದೆ. ಸ್ವರ ಸರಿ, ಬೀಟ್ ಸರಿ, ಭಾಷೆ ಮಾತ್ರ ಹೋಯಿತು. ‘ದಾರಿಯಲಿ’ ಎಂದು ಬರೆಯದೆ ‘ದಾರಿಯಲೇ’ ಎಂದು ಬರೆದದ್ದೂ ಇದಕ್ಕೇ. ‘ಲಿ’ ಹ್ರಸ್ವ, ಅದನ್ನು ನಾಲ್ಕು ಮನೆ ಎಳೆದರೆ ‘ಲೀ’ ಆಗುತ್ತದೆ. ಸಾಲಿನ ಕೊನೆಯಲ್ಲಿ ಅದನ್ನು ಎಷ್ಟೋ ಹಾಡುಗಳು ಅರಗಿಸಿಕೊಂಡಿವೆ, ಪದದ ನಡುವೆ ಮಾಡಿದರೆ ಕ್ಷಮೆಯಿಲ್ಲ.

ಇನ್ನೊಂದು ನೋಡಬೇಕಾದದ್ದು ಪದದ ತೂಕ. ಮೂರನೆಯ ಬಾರ್‌ಗೆ ‘ಮೌನದ ಈ’ ಎಂದು ಬರೆದು ನಾಲ್ಕನೆಯದಕ್ಕೆ ‘ಸಂಜೆಯಲೇ’ ಇಟ್ಟರೆ ಅಳತೆ ಕೂರುತ್ತದೆ. ಆದರೆ ಬಲವಾದ ಬೀಟ್‌ನಲ್ಲಿ ಅರ್ಧ ಬಾರ್ ಎಳೆಯುವುದು ‘ಈ’ ಎಂಬ ಸಣ್ಣ ಪದವನ್ನು. ಕೇಳುಗರು ಅಷ್ಟು ಹೊತ್ತು ‘ಈ ಏನು?’ ಎಂದು ಕಾಯಬೇಕು. ಟ್ಯೂನ್‌ನ ಗೂಟದ ಜಾಗ ಮಾತಿಗೂ ಗೂಟವೇ, ತೂಕದ ಪದವೇ ಅಲ್ಲಿ ಬರಲಿ.

ಮೊದಲೇ ಗುನುಗಿದ ಟ್ಯೂನ್ ಇದ್ದರೆ

ಎಲ್ಲರೂ ಗೂಟದಿಂದ ಶುರುಮಾಡುವುದಿಲ್ಲ. ಲೂಪ್ ಹಾಕಿ ‘ಲಾ ಲಾ’ ಎಂದು ಐದಾರು ಸುತ್ತು ರೆಕಾರ್ಡ್ ಮಾಡಿ ಅದರಲ್ಲಿ ಒಳ್ಳೆಯದನ್ನು ಆರಿಸುವುದು ಇನ್ನೊಂದು ದಾರಿ, ಎಷ್ಟೋ ಸಲ ಅದೇ ಜೀವಂತವಾಗಿರುತ್ತದೆ. ಆಗ ಮೇಲಿನ ಕ್ರಮ ರಿಪೇರಿಯ ಕೆಲಸಕ್ಕೆ ಬರುತ್ತದೆ.

ಗುನುಗಿದ್ದನ್ನು ಪಿಯಾನೊ ರೋಲ್‌ಗೆ ಇಳಿಸಿ, ಗ್ರಿಡ್ 1/8 ಇರಲಿ. ಎಫ್‌ಎಲ್ ಸ್ಟುಡಿಯೊದಲ್ಲಾದರೆ ಘೋಸ್ಟ್ ಚಾನೆಲ್ ಆನ್ ಮಾಡಿದಾಗ ಕಾರ್ಡ್‌ನ ಸ್ವರಗಳು ಹಿಂದೆ ಮಬ್ಬಾಗಿ ಕಾಣುತ್ತವೆ, ಯಾವುದು ಒಳಗೆ ಯಾವುದು ಹೊರಗೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ನಂತರ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಒಂದು ಮತ್ತು ಮೂರನೆಯ ಎಣಿಕೆಯ ಸ್ವರಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ. ಬೇಸ್ ಜೊತೆ ಮಾತ್ರ ಕೇಳಿ. ಚುಚ್ಚುವ ಜಾಗ ತಾನಾಗಿ ಹೊರಬೀಳುತ್ತದೆ.

ಮೂರನೆಯ ಬಾರ್‌ನಲ್ಲಿ, C ಕಾರ್ಡ್‌ನ ಮೇಲೆ, ಒಂದನೆಯ ಎಣಿಕೆಗೆ ಪೂರ್ತಿ ಒಂದು ಎಣಿಕೆಯ F ಸಿಕ್ಕಿತು ಎಂದುಕೊಳ್ಳಿ. ಮೂರು ದಾರಿಗಳಿವೆ. ಸುಲಭದ್ದು, F ಅನ್ನು E ಗೆ ಅಥವಾ G ಗೆ ಸರಿಸುವುದು. ಅದರಿಂದ ಟ್ಯೂನ್‌ನ ಆಕಾರ ಹಾಳಾದರೆ ಸ್ವರವನ್ನು ಬಿಟ್ಟು ಕಾಲವನ್ನು ಸರಿಸಿ: F ಹಿಂದಿನ ಬಾರ್‌ನ ನಾಲ್ಕೂವರೆಗೆ ಹೋಗಲಿ, ಅಲ್ಲಿ ಇನ್ನೂ F ಕಾರ್ಡ್ ಇರುವುದರಿಂದ ಅದು ಮನೆಯವನೇ, ಒಂದಕ್ಕೆ ಅದು E ಗೆ ಇಳಿಯಲಿ. ಮೂರನೆಯದು F ಅನ್ನು ಅಲ್ಲೇ ಉಳಿಸಿಕೊಂಡು ಎರಡನೆಯ ಎಣಿಕೆಗೆ E ಗೆ ಇಳಿಸುವುದು. ಇದರಲ್ಲಿ ಬಲವಾದ ಬೀಟ್‌ನಲ್ಲಿ ಹೊರಗಿನ ಸ್ವರವೇ ಇದೆ, ಆದರೂ ಚೆನ್ನಾಗಿ ಕೇಳುತ್ತದೆ, ಯಾಕೆಂದರೆ ಎಳೆದದ್ದು ಒಂದು ಹೆಜ್ಜೆಯಲ್ಲಿ ಸಡಿಲವಾಗುತ್ತದೆ. ಹಂಬಲದ ಮಾತಿಗೆ ಇದಕ್ಕಿಂತ ಒಳ್ಳೆಯ ಉಪಾಯ ಸಿಗುವುದು ಕಷ್ಟ. ನಾಲ್ಕು ಬಾರ್‌ನಲ್ಲಿ ಒಂದು ಸಲ ಸಾಕು. ಪ್ರತಿ ಬಾರ್‌ನಲ್ಲೂ ಮಾಡಿದರೆ ಹಂಬಲ ಹೋಗಿ ಗೊಣಗಾಟ ಉಳಿಯುತ್ತದೆ. ಇಳಿಯುವುದನ್ನು ಮರೆತು F ನಿಂದ ಬೇರೆಲ್ಲಿಗೋ ಹಾರಿದರಂತೂ ಅದು ಬರೀ ತಪ್ಪು ಸ್ವರ.

ಬಾರ್‌ನ ಗೆರೆ ದಾಟಿ ಎಳೆದ ಸ್ವರಗಳನ್ನೂ ಇದೇ ಸುತ್ತಿನಲ್ಲಿ ನೋಡಿ. ಎಳೆದ ಸ್ವರವನ್ನು ಅದು ಹುಟ್ಟಿದ ಕಾರ್ಡ್‌ನೊಂದಿಗಲ್ಲ, ಅದು ತಲುಪಿದ ಕಾರ್ಡ್‌ನೊಂದಿಗೆ ಹೋಲಿಸಬೇಕು. Am ನಲ್ಲಿ ಶುರುವಾದ E ಯನ್ನು F ಬಾರ್‌ನೊಳಗೆ ಎಳೆದರೆ ಅದು F ಗೆ ಅರ್ಧ ಹೆಜ್ಜೆ ಕೆಳಗಿನ ಸ್ವರವಾಗಿ ಕೂರುತ್ತದೆ. ಕಾರ್ಡ್‌ನ F ಒಂದು ಸ್ಥಾಯಿ ಕೆಳಗಿದ್ದರೆ ಅದು ಸೊಗಸಾದ ಮೇಜರ್ ಸೆವೆಂತ್. ಪ್ಯಾಡ್‌ನಲ್ಲಿ F ಅದೇ ಸ್ಥಾಯಿಯಲ್ಲಿ E ಗೆ ಅಂಟಿಕೊಂಡೇ ಇದ್ದರೆ ಎರಡೂ ಉಜ್ಜಾಡುತ್ತವೆ. ಟ್ಯೂನ್ ಬಿಟ್ಟು ಪ್ಯಾಡ್‌ನ ಆ ಒಂದು ಸ್ವರವನ್ನು ಕೆಳಗಿಳಿಸಿದರೂ ಸಾಕು.

ಬರವಣಿಗೆ ಸರಿ ಇದ್ದೂ ತಪ್ಪಾಗಿ ಕೇಳಿದರೆ

ಪಿಯಾನೊ ರೋಲ್‌ನಲ್ಲಿ ಸರಿ ಇದ್ದ ಟ್ಯೂನ್ ಹಾಡಿದಾಗ ಬೀಟ್ ಬಿಟ್ಟು ಕೇಳಿದರೆ ಎರಡು ಕಡೆ ನೋಡಿ.

ಒಂದು ಜಾರು. ನಮ್ಮಲ್ಲಿ ಸ್ವರಕ್ಕೆ ಕೆಳಗಿನಿಂದ ಜಾರಿಕೊಂಡು ಬರುವುದು ಗಂಟಲಿಗೆ ರೂಢಿಯಾಗಿಬಿಟ್ಟಿರುತ್ತದೆ. G ಕಾರ್ಡ್‌ನ B ಗೆ A ಯಿಂದ ಜಾರಬೇಕೆಂದಿದ್ದರೆ ಜಾರು ಒಂದನೆಯ ಎಣಿಕೆಗೆ ಮೊದಲೇ ಶುರುವಾಗಿ B ಎಣಿಕೆಯ ಮೇಲೆ ತಲುಪಬೇಕು. ಜಾರು ಎಣಿಕೆಯ ಮೇಲೆ ಶುರುವಾದರೆ ಬಲವಾದ ಬೀಟ್‌ನಲ್ಲಿ ಕೇಳುವುದು A, B ಬರುವಷ್ಟರಲ್ಲಿ ಬೀಟ್ ಹೋಗಿರುತ್ತದೆ. ಹಾಡುಗಾರರಿಗೆ ‘ಬೇಗ ಹಾಡಿ’ ಎನ್ನಬೇಡಿ, ‘ಜಾರು ಬೇಗ ಎತ್ತಿಕೊಳ್ಳಿ’ ಎನ್ನಿ. ಅದು ಬೇರೆ ಸೂಚನೆ.

ಇನ್ನೊಂದು ಬ್ಲೂಟೂತ್ ಇಯರ್‌ಫೋನ್. ಅದರಲ್ಲಿ ಸದ್ದು ಕಿವಿಗೆ ತಲುಪುವುದೇ 100 ರಿಂದ 200 ಮಿಲಿಸೆಕೆಂಡ್ ತಡವಾಗಿ. ನಮ್ಮ ಲೂಪ್‌ನ ಅರ್ಧ ಎಣಿಕೆ 333 ಮಿಲಿಸೆಕೆಂಡ್ ಎಂದಾದರೆ ಅದರ ಅರ್ಧಕ್ಕೂ ಹೆಚ್ಚು ತಡ ಅಲ್ಲೇ ಆಗಿಬಿಡಬಹುದು. ತಡವಾಗಿ ಕೇಳಿದ್ದಕ್ಕೆ ಸರಿಯಾಗಿ ಹಾಡಿದರೂ ರೆಕಾರ್ಡ್ ಆದದ್ದು ತಡವಾಗಿರುತ್ತದೆ. ಗೂಟಗಳೆಲ್ಲ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಿದ್ದರೆ ದೋಷ ಇದೇ, ತಂತಿಯ ಹೆಡ್‌ಫೋನ್ ಹಾಕಿ ಮತ್ತೆ ರೆಕಾರ್ಡ್ ಮಾಡಿ. ಹಾಡಿದ್ದು ಚೆನ್ನಾಗಿದ್ದು ಬಿಡಲು ಮನಸ್ಸಿಲ್ಲವೇ, ಇಡೀ ಟ್ರ್ಯಾಕ್ ಅನ್ನು ಆಯ್ಕೆ ಮಾಡಿ ಮೊದಲ ‘ಕಾ’ ಒಂದನೆಯ ಗೆರೆಗೆ ಸೇರುವವರೆಗೆ ಎಡಕ್ಕೆ ಎಳೆಯಿರಿ. ‘ಕ’ ವ್ಯಂಜನದ ಸದ್ದನ್ನಲ್ಲ, ‘ಆ’ ಸ್ವರ ತೆರೆದುಕೊಳ್ಳುವ ಜಾಗವನ್ನು ಗೆರೆಗೆ ಹೊಂದಿಸಿ. ವ್ಯಂಜನ ಗೆರೆಗಿಂತ ತುಸು ಮುಂಚೆ ಬರುತ್ತದೆ, ಅದು ಬರಬೇಕಾದದ್ದೇ ಹಾಗೆ.